ಗಿಡುಗದ್ದೆಂದು ಬಂದ ಗರಿ: ಒಂದೇ ಫೋಟೊದಿಂದ ಹಕ್ಕಿಯನ್ನು ಗುರುತಿಸಿದ ಪ್ರಕರಣ

ಹಿನ್ನೆಲೆ

ಹಕ್ಕಿ ವೀಕ್ಷಕರ ಒಂದು ಸಣ್ಣ ಗುಂಪಿಗೆ ಗರಿಯೊಂದರ ಫೋಟೊ ಬಂತು. ಕಳಿಸಿದವರು ಅದರೊಂದಿಗೆ "ಶಿಕ್ರಾ ಗಿಡುಗದ ರೆಕ್ಕೆಗರಿ ಇರಬಹುದೇ?" ಎಂದು ಕೇಳಿದ್ದರು. ಗರಿಯನ್ನು ಒಂದು ಎ4 ಹಾಳೆಯ ಮೇಲೆ ಉದ್ದಕ್ಕೆ ಇಟ್ಟು, ನಿಂತಲ್ಲಿಂದಲೇ ಬಗ್ಗಿ ಮೊಬೈಲಿನಲ್ಲಿ ತೆಗೆದ ಚಿತ್ರ ಅದು. ಹಾಳೆಯ ಒಂದು ಮೂಲೆ ಚೌಕಟ್ಟಿನಿಂದ ಹೊರಗೆ ಹೋಗಿತ್ತು. ಕಾಡುಹಕ್ಕಿಯ ಗರಿಯನ್ನು ಇಟ್ಟುಕೊಳ್ಳಲು ಹಲವು ದೇಶಗಳಲ್ಲಿ ಕಾನೂನಿನ ತಡೆ ಇರುವುದರಿಂದ ಅವರು ಅದನ್ನು ಸಿಕ್ಕಲ್ಲೇ ಬಿಟ್ಟಿದ್ದರು. ಮರುದಿನ ನೋಡಿದಾಗ ಅದು ಅಲ್ಲಿರಲಿಲ್ಲ. ಹಾಗಾಗಿ ಇನ್ನೊಂದು ಫೋಟೊ ಸಿಗುವ ದಾರಿ ಇರಲಿಲ್ಲ.

ಚಿತ್ರದಲ್ಲಿ ಕಾಣುತ್ತಿದ್ದದ್ದು ಬೂದುಗಂದು ಬಣ್ಣದ, ತೆಳು ಮತ್ತು ಗಾಢ ಅಡ್ಡಪಟ್ಟೆಗಳಿರುವ, ಸ್ವಲ್ಪ ಬಾಗಿದ ಗರಿ. ಏಷ್ಯಾದ ದಕ್ಷಿಣ ಭಾಗದಲ್ಲಿ ಇಂಥ ಗರಿ ಸಿಕ್ಕಿದರೆ ಸಾಮಾನ್ಯವಾಗಿ ಮೊದಲು ಕೇಳಿಬರುವ ಹೆಸರು ಗಿಡುಗ, ಎರಡನೆಯದು ಗೂಬೆ. ಇಲ್ಲೂ ಹಾಗೆಯೇ ಆಯಿತು. ಅಡ್ಡಪಟ್ಟೆ ಇರುವ ಕಂದು ಗರಿ ಹತ್ತಾರು ಬಗೆಯ ಹಕ್ಕಿಗಳಿಗೆ ಉಂಟು. ಆದ್ದರಿಂದ ಪಟ್ಟೆ ಇದೆ ಎನ್ನುವುದಷ್ಟೇ ಏನನ್ನೂ ಹೇಳುವುದಿಲ್ಲ.

ಮುಂದೆ ಪದೇ ಪದೇ ಬರುವ ಕೆಲವು ಮಾತುಗಳನ್ನು ಇಲ್ಲೇ ಹೇಳಿಬಿಡಬಹುದು. ಗರಿಯ ನಡುವಿನ ಕಡ್ಡಿ ದಂಡು. ಅದರ ಬುಡದಲ್ಲಿ ಎಳೆಗಳಿಲ್ಲದ ಬರಿಯ ಭಾಗ ಕೊಳವೆ. ದಂಡಿನ ಎರಡೂ ಬದಿಗೆ ಹರಡಿದ ಭಾಗಗಳನ್ನು ಹೊರ ಎಸಳು, ಒಳ ಎಸಳು ಎಂದು ಕರೆಯೋಣ. ರೆಕ್ಕೆ ಬಿಚ್ಚಿದಾಗ ಮುಂದಕ್ಕಿರುವುದು ಹೊರ ಎಸಳು. ರೆಕ್ಕೆಯ ತುದಿಯಲ್ಲಿ, ಕೈಮೂಳೆಗೆ ನಾಟಿಕೊಂಡ ಗರಿಗಳು ಪ್ರೈಮರಿಗಳು. ಇಲ್ಲಿ ಚರ್ಚೆಗೆ ಬರುವ ಹಕ್ಕಿಗಳಿಗೆಲ್ಲ ಇವು ಹತ್ತು. ಒಳಗಿನದನ್ನು 1 ಎಂದು ಎಣಿಸುತ್ತ ಹೋದರೆ ತೀರಾ ಹೊರಗಿನದು 10. ಮುಂದೋಳಿಗೆ ಅಂಟಿದವು ಸೆಕೆಂಡರಿಗಳು.

ಮೊದಲ ಸುತ್ತು: ತಪ್ಪು ಅಳತೆ, ತಪ್ಪು ಗೂಬೆ

ಮೊದಲು ನೋಡಿದವರು ಹಾಳೆಯ ಕೆಳ ಅಂಚು 210 ಮಿ.ಮೀ. ಎಂದು ಹಿಡಿದು, ಅದೇ ಅನುಪಾತದಲ್ಲಿ ಗರಿಯನ್ನು ಅಳೆದರು. 118 ಮಿ.ಮೀ. ಬಂತು. ಶಿಕ್ರಾದ ಉದ್ದನೆಯ ಪ್ರೈಮರಿಗೆ ಇದು ಚಿಕ್ಕದು. ತೆಳು ಪಟ್ಟೆಗಳು ಕೆನೆಬಣ್ಣಕ್ಕೆ ಕಾಣುತ್ತಿದ್ದವು. ಎರಡನ್ನೂ ಕೂಡಿಸಿ ಅವರು ಹಾಲಕ್ಕಿ, ಅಂದರೆ ಚುಕ್ಕೆಗಳಿರುವ ಪುಟ್ಟ ಗೂಬೆ, ಎಂದು ಬರೆದರು. ಲೆಕ್ಕ ಹೊಂದುತ್ತಿದ್ದುದರಿಂದ ಉತ್ತರ ಗಟ್ಟಿಯಾಗಿಯೇ ಕಂಡಿತು.

ತೊಡಕು ಇದ್ದದ್ದು ಅಳತೆಯಲ್ಲಿ. ಫೋಟೊ ನೇರ ಮೇಲಿನಿಂದ ತೆಗೆದದ್ದಲ್ಲ, ಓರೆಯಾಗಿ ತೆಗೆದದ್ದು. ಓರೆಯಾದಾಗ ಕ್ಯಾಮೆರಾದಿಂದ ದೂರಕ್ಕೆ ಚಾಚಿದ ಉದ್ದ ಕುಗ್ಗಿ ಕಾಣುತ್ತದೆ, ಅಡ್ಡ ಅಗಲ ಅಷ್ಟಾಗಿ ಕುಗ್ಗುವುದಿಲ್ಲ. ಹತ್ತಿರದ ಅಡ್ಡ ಅಂಚನ್ನು ಅಳತೆಗೋಲು ಮಾಡಿಕೊಂಡು ದೂರಕ್ಕೆ ಚಾಚಿದ ಗರಿಯನ್ನು ಅಳೆದರೆ ಗರಿ ಯಾವಾಗಲೂ ಗಿಡ್ಡವಾಗುತ್ತದೆ. ಪಕ್ಕದಲ್ಲಿ ನಾಣ್ಯ ಇಟ್ಟ ಫೋಟೊಗಳಲ್ಲೂ ಇದೇ ತಪ್ಪು ನುಸುಳುತ್ತದೆ. ನಾಣ್ಯ ದುಂಡಗೆ ಕಾಣದೆ ಮೊಟ್ಟೆಯಾಕಾರಕ್ಕೆ ಕಂಡರೆ ಅಳತೆಯನ್ನು ಹಾಗೆಯೇ ನಂಬಬಾರದು.

ಎರಡನೆಯ ಪರಿಶೀಲಕರು ಹಾಳೆಯನ್ನೇ ಬಳಸಿ ಓರೆಯನ್ನು ತಿದ್ದಿದರು. ಎ4 ಹಾಳೆ 210 × 297 ಮಿ.ಮೀ. ನಾಲ್ಕು ಮೂಲೆ ಗೊತ್ತಿದ್ದರೆ, GIMPನಂಥ ತಂತ್ರಾಂಶದ ಪರ್ಸ್ಪೆಕ್ಟಿವ್ ಸಾಧನದಲ್ಲಿ ಚಿತ್ರವನ್ನು ಎಳೆದು ಹಾಳೆಯನ್ನು ಮತ್ತೆ ಸರಿಯಾದ ಆಯತ ಮಾಡಬಹುದು. ಕತ್ತರಿಸಿಹೋದ ನಾಲ್ಕನೆಯ ಮೂಲೆಗಾಗಿ ಅಲ್ಲಿಗೆ ಬರುವ ಎರಡೂ ಅಂಚುಗಳನ್ನು ಗೆರೆ ಎಳೆದು ಮುಂದುವರಿಸಿದರು. ಅವು ಸೇರಿದಲ್ಲಿ ಮೂಲೆ. ಆಮೇಲೆ ಹಾಳೆಯ ಭಾಗವನ್ನು 2100 × 2970 ಪಿಕ್ಸೆಲ್‌ಗೆ ಹೊಂದಿಸಿದರು. ಹೀಗೆ ಮಾಡಿದರೆ 10 ಪಿಕ್ಸೆಲ್‌ಗೆ ಒಂದು ಮಿ.ಮೀ. ಆಗುತ್ತದೆ, ಮುಂದಿನ ಅಳತೆಗಳೆಲ್ಲ ಬಾಯಿಲೆಕ್ಕದಲ್ಲೇ ಮುಗಿಯುತ್ತವೆ.

ತಿದ್ದಿದ ಚಿತ್ರದಲ್ಲಿ ಕೊಳವೆಯ ತುದಿಯಿಂದ ಗರಿಯ ತುದಿಗೆ ನೇರ ಅಂತರ 142 ಮಿ.ಮೀ. ಇತ್ತು. ಈ ವಿಧಾನಕ್ಕೂ ಮಿತಿ ಇದೆ. ಹಾಳೆ ಚಪ್ಪಟೆ, ಗರಿ ಚಪ್ಪಟೆಯಲ್ಲ. ಬಾಗಿದ ಗರಿಯ ಒಂದು ಭಾಗ ಹಾಳೆಯಿಂದ ಒಂದು ಸೆಂಟಿಮೀಟರ್ ಎದ್ದಿದ್ದು, ಕ್ಯಾಮೆರಾ 40 ಸೆಂ.ಮೀ. ದೂರದಲ್ಲಿದ್ದರೆ ಆ ಭಾಗ ಶೇಕಡಾ ಎರಡೂವರೆಯಷ್ಟು ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಅವರು ನಾಲ್ಕು ಮಿ.ಮೀ. ಆಚೀಚೆ ಇರಬಹುದು ಎಂದು ಟಿಪ್ಪಣಿ ಹಾಕಿದರು. ಆ ರಿಯಾಯಿತಿ ಕೊಟ್ಟರೂ ಹಾಲಕ್ಕಿಯ ರೆಕ್ಕೆಗೆ ಈ ಗರಿ ಉದ್ದವಾಯಿತು, ಶಿಕ್ರಾ ಮತ್ತೆ ಕಣಕ್ಕೆ ಬಂತು.

ಬಣ್ಣಕ್ಕೂ ಹಾಳೆಯೇ ನೆರವಾಯಿತು. ಖಾಲಿ ಜಾಗವನ್ನು ಬಿಳಿಯೆಂದು ಸೂಚಿಸಿ ಬಣ್ಣದ ಸಮತೋಲ ತಿದ್ದಿದಾಗ ಕೆನೆಬಣ್ಣದ ಪಟ್ಟೆಗಳು ಹೆಚ್ಚುಕಡಿಮೆ ಬಿಳಿಯಾದವು. ಸಂಜೆಬೆಳಕಿನ ಹಳದಿ ಮಾತ್ರ ಅಲ್ಲಿದ್ದದ್ದು. ಆದರೆ ಇದನ್ನು ತೀರಾ ಎಳೆಯಬಾರದು. ಕಾಗದಕ್ಕೆ ಹೊಳಪು ಬರಲು ಹಾಕುವ ವಸ್ತುಗಳಿಂದ ಹಾಳೆ ಹಗಲಲ್ಲಿ ತುಸು ನೀಲಿಗೆ ತಿರುಗಿರುತ್ತದೆ. ಬಿಳಿಯೋ ನಸುಗೆನೆಯೋ ಎಂಬಷ್ಟು ಸೂಕ್ಷ್ಮ ತೀರ್ಪನ್ನು ಅದರ ಮೇಲೆ ಕಟ್ಟುವುದು ಸರಿಯಲ್ಲ.

ಮೂಲ ಕಡತ ಬಂದಾಗ

ಅಲ್ಲಿಯತನಕ ಎಲ್ಲರ ಮುಂದಿದ್ದದ್ದು ವಾಟ್ಸ್ಯಾಪ್ ಕುಗ್ಗಿಸಿದ ಪ್ರತಿ. ಕ್ಯಾಮೆರಾದ ಮೂಲ ಕಡತವನ್ನು ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲು ಕೇಳಿದರು. ಅದು ಬಂದ ಮೇಲೆ ಎರಡು ಸಂಗತಿ ಕಂಡವು.

ದಂಡಿನ ಉದ್ದಕ್ಕೂ ಒಂದು ಸಣ್ಣ ತೋಡು ಇತ್ತು. ಹಾರುವ ಗರಿಗಳಲ್ಲಿ ಈ ತೋಡು ಇರುವುದು ಕೆಳಮೈಯಲ್ಲಿ. ಮೇಲ್ಮೈಯ ದಂಡು ನುಣುಪಾಗಿ ಉಬ್ಬಿರುತ್ತದೆ. ಅಂದರೆ ಫೋಟೊ ತೋರಿಸುತ್ತಿದ್ದದ್ದು ಗರಿಯ ಕೆಳಮೈಯನ್ನು. ಕೆಳಮೈ ಸಾಮಾನ್ಯವಾಗಿ ಮಂಕು, ಬೂದಿ ಮಿಶ್ರಿತ ಮಿನುಗು. ಗಿಡುಗ ಎಂಬ ಭಾವನೆ ಹುಟ್ಟಿದ್ದು ಇಲ್ಲಿಂದಲೇ ಇರಬೇಕು, ಏಕೆಂದರೆ ತಲೆಯ ಮೇಲೆ ಹಾರುವ ಶಿಕ್ರಾ ನಮಗೆ ಕಾಣುವುದೂ ಕೆಳಗಿನಿಂದಲೇ.

ಇನ್ನೊಂದು, ಒಳ ಎಸಳಿನ ಅಂಚು. ಕುಗ್ಗಿಸಿದ ಪ್ರತಿಯಲ್ಲಿ ಅದು ಮೆತ್ತಗೆ, ಜೂಲಿನಂತೆ ಕಂಡಿತ್ತು, ಗೂಬೆಯ ಕಡೆಗೆ ಒಲವು ಮೂಡಲು ಅದೂ ಕಾರಣ. ಗೂಬೆಯ ರೆಕ್ಕೆಗರಿಯ ಹಿಂದಂಚಿನಲ್ಲಿ ಎಳೆಗಳು ಬಿಡಿಬಿಡಿಯಾಗಿ ಜಾಲರಿಯಂತೆ ಇರುತ್ತವೆ, ಮೇಲ್ಮೈಗೆ ಮಖಮಲ್ಲಿನ ನಯ ಇರುತ್ತದೆ. ಮೂಲ ಚಿತ್ರದಲ್ಲಿ ಆ ಅಂಚು ಒಂದಕ್ಕೊಂದು ಕೊಂಡಿ ಹಾಕಿದ ಎಳೆಗಳಿಂದ ಚೊಕ್ಕಟವಾಗಿ ಮುಚ್ಚಿಕೊಂಡಿತ್ತು. ಗೂಬೆ ಎಂದಾಗ ಬಹಳಷ್ಟು ಜನ ಹುಡುಕುವುದು ಮುಂದಂಚಿನ ಬಾಚಣಿಗೆ ಹಲ್ಲುಗಳನ್ನು. ಆದರೆ ಅವು ತೀರಾ ಹೊರಗಿನ ಪ್ರೈಮರಿಗಳಲ್ಲಿ ಮಾತ್ರ ಚೆನ್ನಾಗಿ ಬೆಳೆದಿರುತ್ತವೆ, ಹಾಲಕ್ಕಿಯ ಬಳಗದಲ್ಲಿ ಅಲ್ಲೂ ಕ್ಷೀಣ. ಹಲ್ಲಿಲ್ಲ ಎಂದು ಗೂಬೆಯನ್ನು ಕೈಬಿಟ್ಟಿದ್ದರೆ ಉತ್ತರ ಸರಿಯಾಗುತ್ತಿತ್ತು, ಕಾರಣ ತಪ್ಪಾಗುತ್ತಿತ್ತು.

ಕಚ್ಚು ಇಲ್ಲ ಎಂಬ ವಾದ

ಈಗ ಉಳಿದದ್ದು ಶಿಕ್ರಾ. ಮೊದಲ ಪರಿಶೀಲಕರು ಈ ಸಲ ನೇರವಾಗಿ ಹೇಳಿದರು: ಶಿಕ್ರಾದಂಥ ಗಿಡುಗಗಳ ಪ್ರೈಮರಿಯಲ್ಲಿ ಕಚ್ಚು ಇರುತ್ತದೆ, ಇದರಲ್ಲಿ ಇಲ್ಲ, ಆದ್ದರಿಂದ ಇದು ಗಿಡುಗದ್ದಲ್ಲ. ಕಚ್ಚು ಎಂದರೆ ಎಸಳು ಒಂದೇ ಸಮನೆ ಕಿರಿದಾಗದೆ, ಅರ್ಧದಾಚೆ ಒಂದು ಮೆಟ್ಟಿಲಿನಂತೆ ಥಟ್ಟನೆ ಕಿರಿದಾಗುವ ಜಾಗ. ರೆಕ್ಕೆ ಬಿಚ್ಚಿದಾಗ ತುದಿಯಲ್ಲಿ ಬೆರಳುಗಳಂತೆ ಗರಿಗಳು ಬಿಡಿಯಾಗಿ ಕಾಣುವುದು ಈ ಕಚ್ಚುಗಳಿಂದ.

ಇಡೀ ಪ್ರಕರಣ ತಿರುಗಿದ್ದು ಎರಡನೆಯವರು ಇದಕ್ಕೆ ಹಾಕಿದ ಪ್ರಶ್ನೆಯಿಂದ. ಕಚ್ಚು ಇರುವುದು ಗಿಡುಗದ ಹೊರಗಿನ ಕೆಲವು ಪ್ರೈಮರಿಗಳಲ್ಲಿ ಮಾತ್ರ. ಒಳಗಿನ ನಾಲ್ಕೈದರಲ್ಲಿ ಅದು ಇರುವುದೇ ಇಲ್ಲ, ಸೆಕೆಂಡರಿಗಳಲ್ಲಂತೂ ಮಾತೇ ಇಲ್ಲ. ಈ ಗರಿ ಶಿಕ್ರಾದ ಮೂರನೆಯ ಪ್ರೈಮರಿ ಆಗಿದ್ದರೆ ಕಚ್ಚು ಇಲ್ಲದಿರುವುದು ಸಹಜ. ಹಾಗಾದರೆ ಕಚ್ಚಿನ ಗೈರುಹಾಜರಿಗೆ ಬೆಲೆ ಬರುವುದು ಗರಿ ರೆಕ್ಕೆಯ ಯಾವ ಸ್ಥಾನದ್ದು ಎಂದು ತಿಳಿದ ಮೇಲೆಯೇ. ಅದನ್ನು ಯಾರೂ ಇನ್ನೂ ನಿರ್ಧರಿಸಿರಲಿಲ್ಲ.

ಆದ್ದರಿಂದ ಹಕ್ಕಿಯ ಹೆಸರನ್ನು ಬದಿಗಿಟ್ಟು ಸ್ಥಾನವನ್ನು ಹುಡುಕಿದರು. ಗರಿಯ ನಡುವಿನಲ್ಲಿ ಹೊರ ಎಸಳು 6 ಮಿ.ಮೀ., ಒಳ ಎಸಳು 18 ಮಿ.ಮೀ. ಇತ್ತು, ಒಂದಕ್ಕೆ ಮೂರರ ಅನುಪಾತ. ಬಾಲದ ನಡುವಿನ ಗರಿಗಳಲ್ಲಿ ಎರಡೂ ಎಸಳು ಸಮಸಮ ಇರುತ್ತವೆ, ಸೆಕೆಂಡರಿಯಲ್ಲಿ ವ್ಯತ್ಯಾಸ ಇದ್ದರೂ ಇಷ್ಟಿಲ್ಲ, ಅದರ ತುದಿ ಮೊಂಡಾಗಿ ದುಂಡಗಿರುತ್ತದೆ, ದಂಡು ಬುಡದ ಕಡೆಯಿಂದಲೇ ಬಾಗುತ್ತದೆ. ಇಲ್ಲಿ ಬುಡ ನೆಟ್ಟಗಿದ್ದು ಬಾಗು ತುದಿಯ ಅರ್ಧದಲ್ಲಿತ್ತು, ತುದಿ ಓರೆಯಾಗಿ ಮೊನಚಿತ್ತು. ಬಾಲದ ಅಂಚಿನ ಗರಿಗೂ ಎಸಳುಗಳ ಅಗಲ ಅಸಮವಾಗಿರಬಹುದು. ಆದರೆ ಅದರ ತುದಿ ಸಾಮಾನ್ಯವಾಗಿ ಅಗಲ, ಪ್ರೈಮರಿಯಂತೆ ಸಪುರವಾಗುತ್ತ ಹೋಗುವುದಿಲ್ಲ. ಇದು ಪ್ರೈಮರಿ ಎನ್ನುವುದು ಇಷ್ಟರಲ್ಲಿ ಇತ್ಯರ್ಥವಾಯಿತು.

ತೀರಾ ಹೊರಗಿನದೂ ಅಲ್ಲ. ರೆಕ್ಕೆಯ ಮುಂದಂಚಾಗಿ ಗಾಳಿಯನ್ನು ಸೀಳುವ ಗರಿಯ ಹೊರ ಎಸಳು ಇನ್ನೂ ಕಿರಿದಾಗಿರುತ್ತದೆ. ಒಳಗಿನ ಪ್ರೈಮರಿಗಳಲ್ಲಿ ಅನುಪಾತ ಒಂದಕ್ಕೆ ಎರಡರ ಕಡೆಗೆ ಜಾರುತ್ತದೆ, ತುದಿಯೂ ದುಂಡಗಾಗುತ್ತದೆ. ನಡುವಿನಿಂದ ಹೊರಕ್ಕೆ, ಅಂದಾಜು 6ರಿಂದ 8ನೆಯ ಪ್ರೈಮರಿ ಎಂದು ಬರೆದುಕೊಂಡರು.

ಎಡವೋ ಬಲವೋ ಎನ್ನುವುದಕ್ಕೆ ಲೆಕ್ಕ ಸುಲಭ, ಮೇಲ್ಮೈ-ಕೆಳಮೈ ಗೊತ್ತಿದ್ದರೆ. ಮೇಲ್ಮೈ ನಮ್ಮತ್ತ, ತುದಿ ಮೇಲಕ್ಕೆ ಇಟ್ಟಾಗ ಕಿರಿದಾದ ಎಸಳು ಎಡಕ್ಕಿದ್ದರೆ ಅದು ಬಲರೆಕ್ಕೆಯದು. ಈ ಚಿತ್ರದಲ್ಲಿ ಕಿರಿದಾದ ಎಸಳು ಎಡಕ್ಕೇ ಇತ್ತು, ಆದರೆ ಕಾಣುತ್ತಿದ್ದದ್ದು ಕೆಳಮೈ. ಹಾಗಾಗಿ ಎಡರೆಕ್ಕೆ. ಕೆಲವು ಮೊಬೈಲುಗಳು ಚಿತ್ರವನ್ನು ಕನ್ನಡಿಯಂತೆ ಮಗುಚುತ್ತವೆ; ಹಾಳೆಯ ಮೂಲೆಯಲ್ಲಿದ್ದ ಅಚ್ಚಿನ ಅಕ್ಷರಗಳು ಸರಿಯಾಗಿ ಓದಲು ಬರುತ್ತಿದ್ದುದರಿಂದ ಆ ಸಂಶಯಕ್ಕೆ ಎಡೆ ಇರಲಿಲ್ಲ. ಯಾವ ರೆಕ್ಕೆ ಎಂಬುದರಿಂದ ಜಾತಿ ಬದಲಾಗುವುದಿಲ್ಲ ನಿಜ. ಆದರೆ ಸಂಗ್ರಹದ ಚಿತ್ರಗಳೊಂದಿಗೆ ಹೋಲಿಸುವಾಗ ಗರಿಯನ್ನು ಸರಿಯಾದ ಬದಿಗೆ ತಿರುಗಿಸಿಕೊಳ್ಳದಿದ್ದರೆ ಕಣ್ಣು ಸುಮ್ಮನೆ ಮೋಸ ಹೋಗುತ್ತದೆ.

ಈಗ ಕಚ್ಚಿನ ವಾದಕ್ಕೆ ಬಲ ಬಂತು. ಶಿಕ್ರಾದ 6ರಿಂದ 8ನೆಯ ಪ್ರೈಮರಿ ಆಗಿದ್ದರೆ ಕಚ್ಚು ಕಾಣಲೇಬೇಕಿತ್ತು, ಇಲ್ಲಿ ಎರಡೂ ಎಸಳು ಮೆಟ್ಟಿಲಿಲ್ಲದೆ ಒಂದೇ ಓಟದಲ್ಲಿ ಕಿರಿದಾಗುತ್ತವೆ. ಒಂದು ಸಂದು ಮಾತ್ರ ಉಳಿಯಿತು. ಹೆಣ್ಣು ಶಿಕ್ರಾ ಗಂಡಿಗಿಂತ ದೊಡ್ಡದು. ದೊಡ್ಡ ಹೆಣ್ಣೊಂದರ ಐದನೆಯ ಪ್ರೈಮರಿ ಈ ಉದ್ದಕ್ಕೆ ಹತ್ತಿರ ಬರಬಹುದು, ಅಲ್ಲಿ ಕಚ್ಚು ಇಲ್ಲದೆ ಅಥವಾ ಹೆಸರಿಗಷ್ಟೇ ಇರಬಹುದು. ಎಸಳಿನ ಅನುಪಾತದಿಂದ ಐದನ್ನೂ ಆರನ್ನೂ ಖಚಿತವಾಗಿ ಬೇರೆ ಮಾಡಲು ಆಗದು. ಆಕಾರ ಇಷ್ಟು ದೂರ ಕರೆತಂದಿತು, ಇನ್ನು ಮುಂದೆ ಪಟ್ಟೆಯನ್ನೇ ನೋಡಬೇಕಿತ್ತು.

ಪಟ್ಟೆ ಯಾವುದು, ನೆಲ ಯಾವುದು

ಅಡ್ಡಪಟ್ಟೆಯ ಗರಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ತೆಳುಬಣ್ಣದ ನೆಲದ ಮೇಲೆ ಗಾಢ ಪಟ್ಟೆಯೋ, ಗಾಢ ನೆಲದ ಮೇಲೆ ತೆಳು ಪಟ್ಟೆಯೋ? ಮೇಲುನೋಟಕ್ಕೆ ಎರಡೂ ಒಂದೇ ಎನ್ನಿಸುತ್ತದೆ. ಒಳ ಎಸಳಿನ ನಡುವಿನಲ್ಲಿ ಅಳೆದಾಗ ತೆಳು ಪಟ್ಟೆಗಳು 3ರಿಂದ 4 ಮಿ.ಮೀ., ಅವುಗಳ ನಡುವಿನ ಕಂದು 7ರಿಂದ 8 ಮಿ.ಮೀ. ಇತ್ತು. ಅಗಲಕ್ಕಿಂತ ಹೆಚ್ಚಿನ ಸುಳಿವು ಬುಡದ ಕಡೆಗಿತ್ತು. ಶಿಕ್ರಾದ ಪ್ರೈಮರಿಯಲ್ಲಿ ಒಳ ಎಸಳಿನ ನೆಲ ಬುಡಕ್ಕೂ ಒಳ ಅಂಚಿಗೂ ಸಾಗಿದಂತೆ ಬಿಳುಪೇರುತ್ತದೆ, ಗಾಢ ಪಟ್ಟೆಗಳು ಆ ಬಿಳುಪಿನ ಮೇಲೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಈ ಗರಿಯಲ್ಲಿ ಬಿಳಿ ಪಟ್ಟೆಗಳು ಒಳ ಅಂಚಿನ ಕಡೆ ತುಸು ಅಗಲವಾದರೂ ಅವುಗಳ ನಡುವಿನ ಕಂದು ಬಣ್ಣ ದಂಡಿನಿಂದ ಅಂಚಿನತನಕ ಎಲ್ಲೂ ತುಂಡಾಗದೆ ಮುಂದುವರಿದಿತ್ತು. ನೆಲ ಕಂದು, ಪಟ್ಟೆ ಬಿಳಿ. ಶಿಕ್ರಾದ ಉಳಿದ ಸಂದೂ ಇಲ್ಲಿ ಮುಚ್ಚಿತು.

ಕಂದು ನೆಲ, ಬಿಳಿ ಪಟ್ಟೆ, ಕಚ್ಚಿಲ್ಲದ ಗರಿ, ಶಿಕ್ರಾದಷ್ಟೇ ರೆಕ್ಕೆ: ಇದು ಕೋಗಿಲೆ ಕುಟುಂಬದ ಕಡೆ ಬೆರಳು ತೋರಿಸುತ್ತದೆ. ಹೆಣ್ಣು ಕೋಗಿಲೆ ಗಂಡಿನಂತೆ ಕಪ್ಪಲ್ಲ, ಕಂದು ಮೈಮೇಲೆ ಬಿಳಿ ಚುಕ್ಕೆ ಮತ್ತು ಪಟ್ಟೆ. ಅದರ ರೆಕ್ಕೆಯ ಉದ್ದವೂ ಶಿಕ್ರಾದ್ದೂ ಒಂದರ ಮೇಲೊಂದು ಬೀಳುವುದರಿಂದ ಬರೀ ಅಳತೆಯಿಂದ ಇವನ್ನು ಬೇರ್ಪಡಿಸಲು ಸಾಧ್ಯವೇ ಇಲ್ಲ. ಅದೇ ಕುಟುಂಬದ ಚಾಣ ಕೋಗಿಲೆ ಇನ್ನೂ ಹತ್ತಿರದ ಸ್ಪರ್ಧಿ. ಅದು ನೋಡಲು ಶಿಕ್ರಾದಂತೆಯೇ, ಪ್ರೈಮರಿಯಲ್ಲಿ ಬಿಳಿ ಪಟ್ಟೆಯೂ ಉಂಟು.

ಇವೆರಡನ್ನು ಬಿಡಿಸಲು ಹೊರ ಎಸಳು ನೋಡಬೇಕು. ಬೆಳೆದ ಚಾಣ ಕೋಗಿಲೆಯ ಪ್ರೈಮರಿಯಲ್ಲಿ ಬಿಳಿ ಪಟ್ಟೆಗಳು ಒಳ ಎಸಳಿಗೆ ಸೀಮಿತ, ಹೊರ ಎಸಳು ಸಾದಾ ಬೂದುಗಂದು. ಹೆಣ್ಣು ಕೋಗಿಲೆಯಲ್ಲಿ ಹೊರ ಎಸಳಿನ ಮೇಲೂ ತೆಳು ಗುರುತುಗಳು ಸಾಲಾಗಿ ಬರುತ್ತವೆ. ಫೋಟೊದಲ್ಲಿ ಹೊರ ಎಸಳಿನ ಮೇಲೆ ಮಸುಕು ಕಲೆಗಳೇನೋ ಇದ್ದವು, ಆದರೆ ಕೆಳಮೈಯಲ್ಲಿ ಅವು ಸ್ಪಷ್ಟವಿರಲಿಲ್ಲ. ಮೊದಲ ಪರಿಶೀಲಕರು ಅದನ್ನು ಧೂಳು ಅಥವಾ ಬೆಳಕಿನ ಪ್ರತಿಫಲನ ಇರಬಹುದೆಂದು ತಡೆದರು. ಆ ತಡೆ ನ್ಯಾಯವೇ ಆಗಿತ್ತು.

ಉತ್ತರ ಕೊಟ್ಟದ್ದು ಗರಿಯ ಸವೆತ. ಗರಿಗೆ ಗಾಢ ಬಣ್ಣ ಕೊಡುವ ಮೆಲನಿನ್ ಅದನ್ನು ಗಟ್ಟಿಯನ್ನೂ ಮಾಡುತ್ತದೆ. ಬಣ್ಣವಿಲ್ಲದ ಬಿಳಿ ಭಾಗ ಬೇಗ ಸವೆಯುತ್ತದೆ, ಹಳೆಯ ಗರಿಯಲ್ಲಿ ಬಿಳಿ ಚುಕ್ಕೆ ಅಂಚಿಗೆ ತಾಗುವಲ್ಲೆಲ್ಲ ಇಲಿ ಕಡಿದಂತೆ ಸಣ್ಣ ತಗ್ಗು ಬೀಳುತ್ತದೆ. ಹೊರ ಎಸಳಿನ ಅಂಚನ್ನು ದೊಡ್ಡದು ಮಾಡಿ ನೋಡಿದಾಗ ಅಂಥ ತಗ್ಗುಗಳು 11ರಿಂದ 12 ಮಿ.ಮೀ. ಅಂತರದಲ್ಲಿ ಸಾಲಾಗಿದ್ದವು. ಒಳ ಎಸಳಿನ ಒಂದು ಬಿಳಿ ಮತ್ತು ಒಂದು ಕಂದು ಕೂಡಿದರೆ ಬರುವ ಅಂತರವೂ ಹೆಚ್ಚುಕಡಿಮೆ ಅದೇ. ಧೂಳು ಹೀಗೆ ಲೆಕ್ಕವಿಟ್ಟು ಕೂರುವುದಿಲ್ಲ. ಹೊರ ಎಸಳಿನ ಕಲೆಗಳು ನಿಜವಾದ ಬಿಳಿ ಗುರುತುಗಳೇ ಎಂದು ಇಬ್ಬರೂ ಒಪ್ಪಿದರು.

ಕೊನೆಗೆ ಸಂಗ್ರಹಗಳೊಂದಿಗೆ ತಾಳೆ ನೋಡಿದರು. ಭಾರತದ ಹಕ್ಕಿಗಳಿಗಾಗಿ ಫೆದರ್ ಲೈಬ್ರರಿ ಇದೆ, ಜಗತ್ತಿನ ಹಲವೆಡೆಯ ಗರಿಗಳಿಗೆ ಫೆದರ್‌ಬೇಸ್ ಇದೆ. ಇಂಥಲ್ಲಿ ಪುಟ ಮಗುಚುತ್ತ "ಇದರಂತೆ ಕಾಣುವುದು ಯಾವುದು" ಎಂದು ಹುಡುಕಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ, ತಪ್ಪು ಸ್ಥಾನದ ಗರಿಯಾದರೂ ಸರಿ. ಇಲ್ಲಿ ಕ್ರಮ ತಿರುಗುಮುರುಗಾಗಿತ್ತು: ಉಳಿದ ಎರಡು ಮೂರು ಜಾತಿಗಳಲ್ಲಿ 6ರಿಂದ 8ನೆಯ ಪ್ರೈಮರಿಗಳನ್ನು ಮಾತ್ರ ನೋಡಿ, ಅದೇ ಸ್ಥಾನಕ್ಕೆ ಅದೇ ಸ್ಥಾನವನ್ನು ಹೋಲಿಸಿದರು.

ದಾಖಲಾದದ್ದು

ದಾಖಲೆಯಲ್ಲಿ ಹೀಗೆ ಬರೆದರು: ಕೋಗಿಲೆ, ಎಡರೆಕ್ಕೆಯ ಪ್ರೈಮರಿ, 6ರಿಂದ 8ರೊಳಗೆ, ಹೆಣ್ಣು ಅಥವಾ ಎಳೆಯ ಹಕ್ಕಿ. "ಹೆಣ್ಣು" ಎಂದಷ್ಟೇ ಬರೆಯಲು ಕಳಿಸಿದವರು ಕೇಳಿಕೊಂಡರೂ ಅದನ್ನು ಒಪ್ಪಲಿಲ್ಲ. ಎಳೆಯ ಗಂಡುಗಳಲ್ಲೂ ಬಿಳಿ ಗುರುತಿನ ರೆಕ್ಕೆಗರಿಗಳು ಇರಬಹುದು, ಅವು ಉದುರಿ ಕಪ್ಪು ಗರಿ ಬರುವಾಗ ಎರಡೂ ಒಟ್ಟಿಗಿರುತ್ತವೆ. ನೆಲದ ಬಣ್ಣ ಕಂದೋ ಕಪ್ಪೋ ಎಂಬುದು ಇಲ್ಲಿ ನಿರ್ಣಾಯಕ, ಅದನ್ನು ಹೇಳಬೇಕಾದದ್ದು ಮೇಲ್ಮೈ. ಇದ್ದ ಒಂದೇ ಫೋಟೊ ಕೆಳಮೈಯದು, ಗರಿಯೂ ಬಿಸಿಲಿಗೆ ಮಾಸಿ ಸವೆದದ್ದು.

ಮುಂದಿನ ಸಲಕ್ಕೆಂದು ಕಳಿಸಿದವರಿಗೆ ಕೊಟ್ಟ ಸೂಚನೆ ಚಿಕ್ಕದು. ಗರಿಯನ್ನು ಮಗುಚಿ ಎರಡೂ ಮೈಯ ಫೋಟೊ ತೆಗೆಯಿರಿ. ಮೊಬೈಲನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು, ಹಾಳೆಯ ನಾಲ್ಕೂ ಮೂಲೆ ಚೌಕಟ್ಟಿನೊಳಗಿರಲಿ. ಕೊಳವೆಯ ತುದಿ ಮಣ್ಣಲ್ಲಿ ಹುದುಗಿರದೆ ಪೂರ್ತಿ ಕಾಣಲಿ. ಎಳೆಗಳು ಬಿಟ್ಟುಕೊಂಡಿದ್ದರೆ ಬೆರಳಿನಿಂದ ಬುಡದಿಂದ ತುದಿಗೆ ಒಮ್ಮೆ ಸವರಿ ಕೂಡಿಸಿ, ಇಲ್ಲದಿದ್ದರೆ ಹರಿದ ಸಂದು ಕಚ್ಚಿನಂತೆ ಕಾಣುತ್ತದೆ. ಆಮೇಲೆ ಕೈ ತೊಳೆದುಕೊಳ್ಳಿ, ಕಡತವನ್ನು ಕುಗ್ಗಿಸದೆ ಕಳಿಸಿ.